ಪದೇ ಪದೇ ಫೋನ್ ನೋಡುವ ಚಟ: ಬಹುಮಾನದ ಲೆಕ್ಕ ಬದಲಿಸಿ ಅದನ್ನು ಬಿಡಿಸುವ ಬಗೆ

ಫೋನನ್ನು ಜೂಜಿನ ಯಂತ್ರಕ್ಕೆ ಹೋಲಿಸುವ ಮಾತನ್ನು ಎಲ್ಲರೂ ಕೇಳಿದ್ದೇವೆ. ಹೋಲಿಕೆ ಅರ್ಧ ಮಾತ್ರ ಸರಿ. ಒಂದರ ಹಿಂದೆ ಒಂದು ಪೋಸ್ಟನ್ನು ಬೆರಳಿನಿಂದ ಸರಿಸುತ್ತಾ ಕೂತಾಗ ಫೋನ್ ನಿಜಕ್ಕೂ ಜೂಜಿನ ಯಂತ್ರವೇ. ಆದರೆ ಮೆಸೇಜ್ ಏನಾದರೂ ಬಂತೇ ಎಂದು ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನ್ ಬೆಳಗಿಸಿ ನೋಡುವಾಗ ನಡೆಯುವ ಲೆಕ್ಕ ಬೇರೆ. ಎರಡೂ ಒಂದೇ ಎಂದುಕೊಂಡು ಎರಡಕ್ಕೂ ಒಂದೇ ಮದ್ದು ಹಾಕುವುದು ಈ ಕೆಲಸದಲ್ಲಿ ಆಗುವ ಮೊದಲ ತಪ್ಪು. ಇಲ್ಲಿ ಹೆಚ್ಚಿನ ಜಾಗವನ್ನು ಮೆಸೇಜ್ ಮತ್ತು ಇಮೇಲ್ ನೋಡುವ ಚಟಕ್ಕೇ ಕೊಟ್ಟಿದ್ದೇವೆ. ಪೋಸ್ಟ್ ಸರಿಸುವ ಚಟದ ಮಾತು ಕೊನೆಗೆ ಬರುತ್ತದೆ.

ನಾಲ್ಕು ಲೆಕ್ಕಗಳು

ಒಂದು ಕೆಲಸ ಮಾಡಿದಾಗ ಬೇಕಾದದ್ದೇನೋ ಸಿಕ್ಕಿ, ಅದರಿಂದಾಗಿ ಆ ಕೆಲಸ ಮತ್ತೆ ಮತ್ತೆ ನಡೆಯುವಂತಾದರೆ ಅದಕ್ಕೆ ಮನಶ್ಶಾಸ್ತ್ರದಲ್ಲಿ ಪುನರ್ಬಲನ ಎನ್ನುತ್ತಾರೆ. ಪ್ರತಿ ಸಲವೂ ಸಿಗಬೇಕೆಂದಿಲ್ಲ. ಯಾವ ಲೆಕ್ಕದಲ್ಲಿ ಸಿಗುತ್ತದೆ ಎಂಬುದರ ಮೇಲೆ ಆ ಕೆಲಸ ಎಷ್ಟು ವೇಗವಾಗಿ ನಡೆಯುತ್ತದೆ, ಸಿಗುವುದು ನಿಂತ ಮೇಲೂ ಎಷ್ಟು ಕಾಲ ಉಳಿಯುತ್ತದೆ ಎಂಬುದು ನಿಂತಿದೆ. ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ 1957ರಲ್ಲಿ ಈ ಲೆಕ್ಕಗಳ ಬಗ್ಗೆ ದಪ್ಪನೆಯ ಗ್ರಂಥವೊಂದನ್ನೇ ತಂದರು. ಅದರ ತುಂಬ ಗೆರೆಗಳೇ. ಕಾಗದದ ಸುರುಳಿ ಒಂದೇ ವೇಗದಲ್ಲಿ ಸರಿಯುತ್ತಿರುತ್ತದೆ. ಹಕ್ಕಿ ಗುಂಡಿಯನ್ನು ಒಂದು ಸಲ ಕುಕ್ಕಿದರೆ ಪೆನ್ನು ಒಂದು ಕೂದಲೆಳೆಯಷ್ಟು ಮೇಲೇರುತ್ತದೆ. ಕಾಳು ಸಿಕ್ಕ ಕಡೆ ಗೆರೆಯ ಮೇಲೆ ಸಣ್ಣದೊಂದು ಗೀಟು ಬೀಳುತ್ತದೆ. ಕುಕ್ಕುವುದು ಜೋರಾದರೆ ಗೆರೆ ಕಡಿದಾಗಿ ಏರುತ್ತದೆ, ನಿಂತರೆ ಮಟ್ಟಸವಾಗುತ್ತದೆ. ಆ ಗೆರೆಯ ಆಕಾರ ನೋಡಿಯೇ ಹಕ್ಕಿ ಯಾವ ಲೆಕ್ಕದಲ್ಲಿದೆ ಎಂದು ಹೇಳಬಹುದು.

ಸ್ಥಿರ ಎಣಿಕೆ, ಅಂದರೆ ಫಿಕ್ಸೆಡ್ ರೇಶಿಯೊ: ಇಂತಿಷ್ಟು ಸಲ ಕುಕ್ಕಿದರೆ ಒಂದು ಕಾಳು. ಇಲ್ಲಿ ಗೆರೆ ಮೆಟ್ಟಿಲಿನಂತೆ ಕಾಣುತ್ತದೆ. ಹಕ್ಕಿ ಒಂದೇ ಉಸಿರಿಗೆ ಕುಕ್ಕುತ್ತದೆ, ಕಾಳು ಸಿಕ್ಕೊಡನೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಶುರು ಮಾಡುತ್ತದೆ. ಮುಂದೆ ಮಾಡಬೇಕಾದ ಕೆಲಸ ದೊಡ್ಡದಾದಷ್ಟೂ ಆ ವಿರಾಮ ಉದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬದಲಾಗುವ ಎಣಿಕೆ, ವೇರಿಯಬಲ್ ರೇಶಿಯೊ: ಸರಾಸರಿ ಐವತ್ತು ಸಲಕ್ಕೆ ಒಂದು ಕಾಳು ಎಂದಿಟ್ಟುಕೊಳ್ಳಿ, ಆದರೆ ಒಮ್ಮೆ ಮೂರಕ್ಕೇ ಸಿಗಬಹುದು, ಇನ್ನೊಮ್ಮೆ ನೂರಾದರೂ ಸಿಗದಿರಬಹುದು. ವಿರಾಮ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗೆರೆ ಕಡಿದಾಗಿ, ನೇರವಾಗಿ ಏರುತ್ತಲೇ ಇರುತ್ತದೆ. ಜೂಜಿನ ಯಂತ್ರ ನಿಂತಿರುವುದು ಈ ಲೆಕ್ಕದ ಮೇಲೆ.

ಸ್ಥಿರ ಅವಧಿ, ಫಿಕ್ಸೆಡ್ ಇಂಟರ್ವಲ್: ಹೋದ ಸಲ ಕಾಳು ಸಿಕ್ಕಿ ಇಂತಿಷ್ಟು ನಿಮಿಷವಾದ ಮೇಲೆ ಮೊದಲು ಕುಕ್ಕಿದಾಗ ಕಾಳು, ನಡುವೆ ಎಷ್ಟು ಕುಕ್ಕಿದರೂ ವ್ಯರ್ಥ. ಹಕ್ಕಿ ಇದನ್ನು ಕಲಿತುಬಿಡುತ್ತದೆ. ಶುರುವಿನಲ್ಲಿ ಸುಮ್ಮನಿದ್ದು, ಹೊತ್ತು ಹತ್ತಿರವಾದಂತೆ ಕುಕ್ಕುವುದನ್ನು ಜೋರು ಮಾಡುತ್ತದೆ. ಗೆರೆ ಕಪ್ಪೆಚಿಪ್ಪಿನ ಅಂಚಿನಂತೆ ಬಾಗುತ್ತದೆ.

ಬದಲಾಗುವ ಅವಧಿ, ವೇರಿಯಬಲ್ ಇಂಟರ್ವಲ್: ಕಾಳು ಯಾವಾಗ ಸಿದ್ಧವಾಗುತ್ತದೆ ಎಂಬುದು ಗೊತ್ತಾಗುವುದಿಲ್ಲ. ಒಮ್ಮೆ ಸಿದ್ಧವಾಯಿತೆಂದರೆ ಹಕ್ಕಿ ಬಂದು ಕುಕ್ಕುವವರೆಗೂ ಅದು ಅಲ್ಲೇ ಕಾದಿರುತ್ತದೆ. ಹಕ್ಕಿ ಅವಸರವಿಲ್ಲದೆ, ಬಿಡುವೂ ಇಲ್ಲದೆ, ಒಂದೇ ಸಮನೆ ಕುಕ್ಕುತ್ತಿರುತ್ತದೆ.

ಮೆಸೇಜ್ ನೋಡುವುದು ಈ ಕೊನೆಯ ಲೆಕ್ಕಕ್ಕೆ ಸೇರಿದ್ದು. ನೀವು ನೂರು ಸಲ ನೋಡಿದ ಮಾತ್ರಕ್ಕೆ ಮೆಸೇಜ್ ಹೆಚ್ಚು ಬರುವುದಿಲ್ಲ. ಬಂದದ್ದು ನೀವು ನೋಡುವವರೆಗೂ ಅಲ್ಲೇ ಇರುತ್ತದೆ. ಪೋಸ್ಟ್ ಸರಿಸುವಾಗ ಹಾಗಲ್ಲ: ಹೆಚ್ಚು ಸರಿಸಿದರೆ ಇಷ್ಟವಾಗುವಂಥದ್ದು ಹೆಚ್ಚು ಸಿಗುತ್ತದೆ, ಕಡಿಮೆ ಸರಿಸಿದರೆ ಕಡಿಮೆ. ಆದ್ದರಿಂದ ಮೆಸೇಜಿನ ವಿಷಯದಲ್ಲಿ ಏನೂ ಕಳೆದುಕೊಳ್ಳದೆ ನೋಡುವುದನ್ನು ಕಡಿಮೆ ಮಾಡಬಹುದು. ಪೋಸ್ಟಿನ ವಿಷಯದಲ್ಲಿ ಈ ಅನುಕೂಲ ಇಲ್ಲ.

ಸಿಗದಿದ್ದರೂ ನೋಡುವುದು ಏಕೆ ನಿಲ್ಲುವುದಿಲ್ಲ

ಬಹುಮಾನ ನಿಂತಾಗ ರೂಢಿ ನಿಧಾನವಾಗಿ ಆರಿಹೋಗುವುದಕ್ಕೆ ಎಕ್ಸ್‌ಟಿಂಕ್ಷನ್ ಎನ್ನುತ್ತಾರೆ. ಸ್ಕಿನ್ನರ್ ಅದರ ಗೆರೆಯನ್ನು ಮೊದಲು ಕಂಡದ್ದು ಆಕಸ್ಮಿಕವಾಗಿ. ಇಲಿಗೆ ತಿನಿಸು ಉದುರಿಸುವ ಯಂತ್ರ ಸಿಕ್ಕಿಹಾಕಿಕೊಂಡಿತ್ತು, ಇಲಿ ಮಾತ್ರ ತಿನಿಸಿಗಾಗಿ ಸನ್ನೆಕೋಲನ್ನು ಒತ್ತುತ್ತಲೇ ಇತ್ತು. ಮುಂದೆ 1939ರಲ್ಲಿ ಲಾಯ್ಡ್ ಹಂಫ್ರೀಸ್ ಮತ್ತೊಂದು ವಿಚಿತ್ರವನ್ನು ತೋರಿಸಿಕೊಟ್ಟರು. ಪ್ರತಿ ಸಲವೂ ಬಹುಮಾನ ಪಡೆದು ಕಲಿತದ್ದು ಬೇಗ ಆರಿಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಪಡೆದು ಕಲಿತದ್ದೇ ಹೆಚ್ಚು ಕಾಲ ಉಳಿಯುತ್ತದೆ. ಕಡಿಮೆ ಕೂಲಿ ಕೊಟ್ಟರೆ ರೂಢಿ ಹೆಚ್ಚು ಗಟ್ಟಿ!

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಅಂಥ ವಿಚಿತ್ರವೇನಿಲ್ಲ. ದೀಪದ ಸ್ವಿಚ್ ಹಾಕಿದಾಗ ದೀಪ ಹತ್ತದಿದ್ದರೆ ಎರಡು ಸಲ ಒತ್ತಿ ನೋಡಿ ಬಿಟ್ಟುಬಿಡುತ್ತೀರಿ. ಯಾವಾಗಲೂ ಹತ್ತುತ್ತಿದ್ದದ್ದು ಹತ್ತಲಿಲ್ಲ, ಅಂದರೆ ಏನೋ ಕೆಟ್ಟಿದೆ ಎಂದು ತಕ್ಷಣ ತಿಳಿಯುತ್ತದೆ. ಫೋನ್ ಎಂಟು ಸಲ ನೋಡಿದರೆ ಒಂದು ಸಲ ಏನಾದರೂ ಇರುತ್ತದೆ ಎಂದುಕೊಳ್ಳಿ. ಆಗ ಸತತವಾಗಿ ಎಂಟು ಸಲ ಖಾಲಿ ಹೋಗುವ ಸಾಧ್ಯತೆ ನೂರಕ್ಕೆ 34. ಇಪ್ಪತ್ತು ಸಲ ಖಾಲಿ ಹೋಗುವುದೂ ನೂರಕ್ಕೆ ಸುಮಾರು 7ರಷ್ಟಿದೆ. ಹಾಗಾಗಿ ಖಾಲಿ ಕಂಡದ್ದರಿಂದ ಮನಸ್ಸಿಗೆ ಹೊಸ ಸುದ್ದಿಯೇನೂ ಸಿಗುವುದಿಲ್ಲ. ಖಾಲಿಯಾಗಿರುವುದೂ ಆಟದ ಒಂದು ಭಾಗ, ಮುಂದಿನದು ಸಿಕ್ಕರೂ ಸಿಕ್ಕೀತು ಎಂಬುದೇ ಅದು ಕಲಿತ ಪಾಠ.

ಮೆದುಳಿನ ಕಡೆಯಿಂದಲೂ ಇದಕ್ಕೆ ಪುರಾವೆ ಇದೆ. ವೋಲ್ಫ್‌ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಮಂಗಗಳಿಗೆ ಬಹುಮಾನವಾಗಿ ಹಣ್ಣಿನ ರಸ ಕೊಡುತ್ತಾ, ಅವುಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸೂಸುವ ನರಕೋಶಗಳನ್ನು ಗಮನಿಸಿದಾಗ, ನಿರೀಕ್ಷೆಯಂತೆಯೇ ಬಂದ ರಸಕ್ಕೆ ಅವು ಸುಮ್ಮನಿದ್ದವು, ನಿರೀಕ್ಷಿಸದೆ ಬಂದ ರಸಕ್ಕೆ ಮಿಡಿದವು. 2003ರಲ್ಲಿ ಅದೇ ಗುಂಪು ಕಂಡಂತೆ, ರಸ ಸಿಗುವುದೋ ಇಲ್ಲವೋ ಸರಿಅರ್ಧ ಅನುಮಾನವಿದ್ದಾಗ ಆ ಕಾಯುವ ಹೊತ್ತಿನಲ್ಲೇ ಅವುಗಳ ಚಟುವಟಿಕೆ ಎಲ್ಲಕ್ಕಿಂತ ಹೆಚ್ಚು ಏರಿತ್ತು. ಇದನ್ನೇ ಹಿಡಿದು, ಖುಷಿ ಕೊಡುವುದನ್ನೆಲ್ಲ ಕೆಲಕಾಲ ಬಿಟ್ಟಿರುವ ‘ಡೋಪಮೈನ್ ಉಪವಾಸ’ ಎಂದೆಲ್ಲ ಮಾರುವವರಿದ್ದಾರೆ. ಕಾಳನ್ನು ಮುಚ್ಚಿಡುವುದಕ್ಕಿಂತ ಕಾಳು ಬೀಳುವ ಲೆಕ್ಕ ಬದಲಿಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನಮ್ಮ ನಿಲುವು. ಅದನ್ನು ಮಾಡುವ ಬಗೆ ಇನ್ನು ಮುಂದೆ.

ಹಂತ 1: ಮೂರು ದಿನ ಬರೀ ಎಣಿಸಿ

ಏನನ್ನೂ ಬದಲಿಸಬೇಡಿ. ಜೇಬಿನಲ್ಲಿ ಒಂದು ಚೀಟಿ, ಒಂದು ಪೆನ್ಸಿಲ್ ಇರಲಿ. ಎಣಿಕೆಗೆ ಫೋನನ್ನೇ ಬಳಸಿದರೆ ಎಣಿಸಲು ಹೋಗಿ ಇನ್ನೊಂದು ಸಲ ನೋಡಿದಂತಾಗುತ್ತದೆ, ಆದ್ದರಿಂದ ಕಾಗದವೇ ಬೇಕು. ಮೆಸೇಜ್ ಅಥವಾ ಇಮೇಲ್ ಇದೆಯೇ ಎಂದು ನೋಡಿದಾಗಲೆಲ್ಲ ಮೂರರಲ್ಲಿ ಒಂದು ಗುರುತು ಹಾಕಿ. ನೋಡಿದ್ದಕ್ಕೂ ಸಾರ್ಥಕವಾಯಿತು ಎನಿಸುವಂಥದ್ದು ಇದ್ದರೆ ಗೀಟು. ಏನೂ ಇಲ್ಲದಿದ್ದರೆ, ಅಥವಾ ಇದ್ದರೂ ಕೆಲಸಕ್ಕೆ ಬಾರದ್ದಾಗಿದ್ದರೆ ಸೊನ್ನೆ. ಏನೂ ಇರಲಿಲ್ಲ, ಆದರೆ ಇಲ್ಲವೆಂದು ತಿಳಿದು ‘ಅಬ್ಬಾ’ ಎಂದು ಹಗುರವಾಯಿತು ಎಂದಾದರೆ ಚುಕ್ಕೆ.

ಚುಕ್ಕೆಯನ್ನು ಜನ ಮರೆಯುತ್ತಾರೆ. ಕೆಟ್ಟ ಸುದ್ದಿ ಬಂದಿಲ್ಲ, ಮೇಲಧಿಕಾರಿ ಏನೂ ಕೇಳಿಲ್ಲ ಎಂಬ ನಿರಾಳವೂ ಒಂದು ಬಹುಮಾನವೇ. ಅದು ಹೆಚ್ಚುಕಡಿಮೆ ಪ್ರತಿ ಸಲವೂ ಸಿಗುತ್ತದೆ. ಚೀಟಿಯ ತುಂಬ ಚುಕ್ಕೆಗಳೇ ಇದ್ದರೆ ನಿಮ್ಮನ್ನು ಓಡಿಸುತ್ತಿರುವುದು ಅನಿಶ್ಚಿತ ಬಹುಮಾನವಲ್ಲ, ಆತಂಕ. ಅಂಥವರು ಮೂರು ಮತ್ತು ನಾಲ್ಕನೇ ಹಂತಗಳನ್ನಷ್ಟೇ ಮಾಡಿ, ಆತಂಕಕ್ಕೆ ಬೇರೆಯಾಗಿ ಚಿಕಿತ್ಸಕರ ನೆರವು ಪಡೆಯುವುದು ಲೇಸು. ಉಳಿದ ಹಂತಗಳು ಅವರಿಗೆ ಬರೀ ಹಿಂಸೆ.

ನಿಮ್ಮ ಚೀಟಿಯನ್ನು ಫೋನಿನ ಎಣಿಕೆಯೊಂದಿಗೆ ತಾಳೆ ನೋಡಿ. ಐಫೋನಿನಲ್ಲಿ `Screen Time` ಒಳಗೆ `Pickups` ಎಂದಿರುತ್ತದೆ. ಆಂಡ್ರಾಯ್ಡಿನಲ್ಲಿ `Digital Wellbeing` ಒಳಗೆ ಎಷ್ಟು ಸಲ ಅನ್‌ಲಾಕ್ ಮಾಡಿದಿರಿ ಎಂಬ ಲೆಕ್ಕ ಸಿಗುತ್ತದೆ. ಫೋನಿನ ಸಂಖ್ಯೆ ನಿಮ್ಮದಕ್ಕಿಂತ ಬಹಳ ದೊಡ್ಡದಾಗಿದ್ದರೆ ಗಾಬರಿ ಬೇಡ. ಗಮನಕ್ಕೇ ಬಾರದೆ ಕೈ ಎಷ್ಟು ಸಲ ಫೋನಿನತ್ತ ಹೋಗುತ್ತಿದೆ ಎಂಬುದನ್ನು ಆ ವ್ಯತ್ಯಾಸವೇ ಹೇಳುತ್ತದೆ.

ಹಂತ 2: ನಿಮ್ಮ ಸರಾಸರಿ ಹುಡುಕಿ

ಒಂದು ಉದಾಹರಣೆ ಹಿಡಿಯೋಣ. ಎಚ್ಚರವಿರುವ ಹೊತ್ತು 16 ಗಂಟೆ, ಅಂದರೆ 960 ನಿಮಿಷ. ದಿನಕ್ಕೆ 96 ಸಲ ನೋಡಿದ್ದು, ಅಂದರೆ ಹತ್ತು ನಿಮಿಷಕ್ಕೊಮ್ಮೆ. ಸಾರ್ಥಕ ಮೆಸೇಜ್ 12. ಹಾಗಾದರೆ ಬೇಕಾದದ್ದು ಸರಾಸರಿ 80 ನಿಮಿಷಕ್ಕೆ ಒಂದು ಬರುತ್ತಿದೆ, ಮತ್ತು ಎಂಟು ಸಲ ನೋಡಿದರೆ ಏಳು ಸಲ ಖಾಲಿ.

ಇದೇ ವ್ಯಕ್ತಿ ದಿನಕ್ಕೆ ಆರೇ ಸಲ, 160 ನಿಮಿಷಕ್ಕೊಮ್ಮೆ ನೋಡಿದರೆ? ಪ್ರತಿ ಸಲವೂ ಸರಾಸರಿ ಎರಡು ಸಾರ್ಥಕ ಮೆಸೇಜ್ ಕಾದಿರುತ್ತವೆ. ಖಾಲಿ ಸಿಗುವ ಸಾಧ್ಯತೆ ನೂರಕ್ಕೆ 13-14, ಅಂದರೆ ದಿನಕ್ಕೆ ಒಂದು ಸಲವೂ ಇಲ್ಲ. ನಾಲ್ಕು ಸಲ ನೋಡಿದರೆ ಪ್ರತಿ ಸಲ ಮೂರು. ಖಾಲಿ ಸಿಗುವುದು ನೂರಕ್ಕೆ 5, ಐದು ದಿನಕ್ಕೊಮ್ಮೆ. ಮೂರು ಸಂದರ್ಭಗಳಲ್ಲೂ ದಿನಕ್ಕೆ ಸಿಕ್ಕದ್ದು ಅದೇ ಹನ್ನೆರಡು. ‘ಸಿಕ್ಕರೆ ಸಿಕ್ಕೀತು’ ಎನ್ನುವಂತಿದ್ದ ಬಹುಮಾನ ‘ನೋಡಿದರೆ ಇದ್ದೇ ಇರುತ್ತದೆ’ ಎನ್ನುವಂತಾಯಿತು, ಅಷ್ಟೇ.

ಇದಕ್ಕೆ ತೆರುವ ಬೆಲೆಯನ್ನೂ ಹೇಳಬೇಕು. ಹತ್ತು ನಿಮಿಷಕ್ಕೊಮ್ಮೆ ನೋಡುವವರಿಗೆ ಒಂದು ಮೆಸೇಜ್ ಸರಾಸರಿ ಐದು ನಿಮಿಷ ಕಾಯುತ್ತದೆ. ಆರು ಸಲ ನೋಡುವವರಿಗೆ 80 ನಿಮಿಷ, ನಾಲ್ಕು ಸಲದವರಿಗೆ ಎರಡು ಗಂಟೆ. ಯಾವ ಮೆಸೇಜುಗಳು ಎರಡು ಗಂಟೆ ಕಾಯಲಾರವು ಎಂದು ಚೀಟಿಯಲ್ಲಿರುವ ಗೀಟುಗಳನ್ನು ಒಂದೊಂದಾಗಿ ನೆನೆದು ನೋಡಿ. ಅಂಥವು ಎಷ್ಟಿವೆಯೋ ಅವುಗಳಿಗಾಗಿ ಮುಂದಿನ ಹಂತ.

ನಿಮ್ಮ ಸಂಖ್ಯೆಗಳನ್ನು ಹಾಕಿ ಆಯ್ಕೆ ಮಾಡುವ ನಿಯಮ ಸರಳ: ಎರಡು ನೋಟಗಳ ನಡುವೆ ಕನಿಷ್ಠ ಎರಡು ಸಾರ್ಥಕ ಮೆಸೇಜ್ ಸೇರುವಷ್ಟು ಹೊತ್ತಿರಬೇಕು. ಅಂಥವು ದಿನಕ್ಕೆ ನಾಲ್ಕೇ ಬರುವವರು ಆರು ಸಲ ನೋಡುವುದೆಂದು ಗೊತ್ತುಮಾಡಿಕೊಂಡರೆ ಅರ್ಧದಷ್ಟು ನೋಟ ಖಾಲಿಯೇ ಹೋಗುತ್ತದೆ. ಹಳೆಯ ಲೆಕ್ಕ ವೇಷ ಬದಲಿಸಿಕೊಂಡು ಮುಂದುವರಿಯುತ್ತದೆ. ಅವರಿಗೆ ಎರಡು ಸಲ ಸಾಕು.

ಹಂತ 3: ತುರ್ತಿಗೆ ಬೇರೆ ದಾರಿ

ಈ ಹಂತವನ್ನು ಬಿಟ್ಟರೆ ಉಳಿದದ್ದೆಲ್ಲ ಒಂದು ವಾರದೊಳಗೆ ಕುಸಿಯುತ್ತದೆ. ‘ಮನೆಯಿಂದ ಏನಾದರೂ ತುರ್ತು ಬಂದಿದ್ದರೆ?’ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇರದಿದ್ದರೆ, ನೋಡುವುದಕ್ಕೆ ಅದು ಯಾವಾಗಲೂ ನ್ಯಾಯವಾದ ನೆಪವಾಗಿರುತ್ತದೆ.

ತುರ್ತಿದ್ದರೆ ಮೆಸೇಜ್ ಬೇಡ, ಕರೆ ಮಾಡಿ ಎಂದು ನಾಲ್ಕೈದು ಜನರಿಗೆ ಹೇಳಿಡಿ. ಫೋನನ್ನು `Do Not Disturb` ಗೆ ಹಾಕಿ, ಅವರ ಕರೆಗೆ ಮಾತ್ರ ಅನುಮತಿ ಕೊಡಿ. ಪಟ್ಟಿಯಲ್ಲಿ ಇಲ್ಲದವರು ನಿಜವಾದ ಕಷ್ಟದಲ್ಲಿ ಕರೆದರೆ ಎಂಬ ಅನುಮಾನಕ್ಕೂ ವ್ಯವಸ್ಥೆ ಇದೆ. ಒಬ್ಬರೇ ಎರಡನೇ ಸಲ ಕರೆದರೆ ಫೋನ್ ಬಾರಿಸುವಂತೆ ಮಾಡಬಹುದು: ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗಿನ ಎರಡನೇ ಕರೆ, ಐಫೋನಿನಲ್ಲಿ 3 ನಿಮಿಷದೊಳಗಿನದು. ಈ ವ್ಯತ್ಯಾಸವನ್ನು ಆ ನಾಲ್ಕೈದು ಜನರಿಗೂ ತಿಳಿಸಿ, ಐದು ನಿಮಿಷ ಬಿಟ್ಟು ಕರೆದರೆ ಐಫೋನ್ ಮೌನವಾಗಿಯೇ ಇರುತ್ತದೆ. ಹೊಂದಿಸಿದ ಮೇಲೆ ಒಬ್ಬರಿಂದ ಕರೆ ಮಾಡಿಸಿ ಪರೀಕ್ಷಿಸಿ. ಕಿವಿಯಾರೆ ಕೇಳಿದರೆ ಮಾತ್ರ ಮನಸ್ಸು ನಂಬುತ್ತದೆ.

ಹಂತ 4: ಹೊತ್ತು ಗೊತ್ತುಮಾಡಿ

ಗಡಿಯಾರದ ಹೊತ್ತು ಬೇಕು, ‘ಊಟ ಆದಮೇಲೆ’ ಎಂಬಂಥದ್ದಲ್ಲ. 9:00, 11:40, 2:20 ಎಂದು ಬರೆದೇ ಇಡಿ. ಒಂದು ನೋಟಕ್ಕೆ 20 ನಿಮಿಷ. ಆ 20 ನಿಮಿಷದಲ್ಲಿ ಉತ್ತರ ಬರೆಯುವ ಕೆಲಸ ಮೊದಲು, ಉಳಿದ ಓದು ಆಮೇಲೆ. ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಿಧಾನವಾಗಿ ಎಲ್ಲ ಓದಿ, ಕೊನೆಯ ನಿಮಿಷದಲ್ಲಿ ಐದು ಉತ್ತರ ಕಳಿಸಿ ಫೋನ್ ಇಟ್ಟರೆ, ಅವರು ಏನೆಂದರೋ ಎಂಬ ತವಕ ಇಟ್ಟ ಕ್ಷಣದಿಂದಲೇ ಶುರು. ಉತ್ತರ ಮೊದಲೇ ಹೋದರೆ ಮರುಮಾತಿನ ಬಹುಪಾಲು ಆ 20 ನಿಮಿಷದೊಳಗೇ ಬಂದುಬಿಡುತ್ತದೆ. ಹಿಂದೆ ಮುಂದೆ ಹತ್ತು ಮಾತಾಗುವಂಥ ವಿಷಯವಾದರೆ ಕರೆ ಮಾಡಿ ಮುಗಿಸಿ. ಮಾತುಕತೆ ನಡೆಯುತ್ತಿರುವಾಗ ನೀವು ಹೆಚ್ಚು ಕಳಿಸಿದಷ್ಟೂ ಹೆಚ್ಚು ಬರುತ್ತದೆ. ಆಗ ಅವಧಿಯ ಲೆಕ್ಕ ಹೋಗಿ ಎಣಿಕೆಯ ಲೆಕ್ಕ ಬರುತ್ತದೆ.

ಮೊದಲ ವಾರ ಆರು ಸಲ, ಅದು ನೆಲೆಯಾದ ಮೇಲೆ ನಾಲ್ಕು. ನೇರವಾಗಿ ಸೊನ್ನೆಗೆ ಇಳಿಯಬೇಡಿ. ನೋಟಿಫಿಕೇಶನ್‌ಗಳನ್ನು ಕಂತಿನಲ್ಲಿ ಕೊಡುವ ಬಗ್ಗೆ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ದಿನಕ್ಕೆ ಮೂರು ಸಲ ಒಟ್ಟಾಗಿ ಪಡೆದವರ ಗಮನವೂ ಮನಃಸ್ಥಿತಿಯೂ ಸುಧಾರಿಸಿತು. ಏನನ್ನೂ ಪಡೆಯದವರಲ್ಲಿ ಆತಂಕ ಮತ್ತು ಏನೋ ತಪ್ಪಿಹೋಗುತ್ತಿದೆ ಎಂಬ ಭಯ ಹೆಚ್ಚಾಯಿತು. ಶಬ್ದ ನಿಲ್ಲಿಸಿ ಹೊತ್ತು ಗೊತ್ತುಮಾಡದಿದ್ದರೆ ನಮ್ಮ ಲೆಕ್ಕದ ಪ್ರಕಾರವೂ ಹಾಗೇ ಆಗಬೇಕು. ಕಾಳು ಯಾವಾಗ ಬಿತ್ತೆಂದು ಮೊದಲು ಗಂಟೆಯಾದರೂ ಹೇಳುತ್ತಿತ್ತು, ಈಗ ಅದೂ ಇಲ್ಲ.

ಹಂತ 5: ನಡುವೆ ನೋಡಿದರೂ ಏನೂ ಸಿಗದಂತೆ ಮಾಡಿ

ಹೆಚ್ಚಿನ ಸಲಹೆಗಳು ಸೋಲುವುದು ಈ ಜಾಗದಲ್ಲಿ. ನೋಟಿಫಿಕೇಶನ್ ನಿಲ್ಲಿಸಿದರೆ ಸದ್ದು, ಕೆಂಪು ಚುಕ್ಕೆ ಹೋಗುತ್ತವೆ, ನಿಜ. ಅವೂ ಹೋಗಬೇಕು: ಐಫೋನಿನಲ್ಲಿ ಆಯಾ ಆ್ಯಪ್‌ನ `Badges`, ಆಂಡ್ರಾಯ್ಡಿನಲ್ಲಿ ಆ್ಯಪ್ ಐಕಾನಿನ ಮೇಲಿನ `Notification dot` ಆಫ್ ಮಾಡಿ. ಐಫೋನಿನ `Scheduled Summary` ಯಲ್ಲಿ ನೀವು ಗೊತ್ತುಮಾಡಿದ ಹೊತ್ತನ್ನೇ ಹಾಕಿ. ಆದರೆ ಇಷ್ಟರಿಂದ ಮರೆಯಾದದ್ದು ಸೂಚನೆ ಮಾತ್ರ. ಆ್ಯಪ್ ತೆರೆದರೆ ಮೆಸೇಜ್ ಅಲ್ಲೇ ಕೂತಿರುತ್ತದೆ. ಎಂಟಕ್ಕೊಂದು ಎಂಬ ಹಳೆಯ ಲೆಕ್ಕ ಹಾಗೇ ಉಳಿದಿದೆ.

ಅದಕ್ಕಾಗಿ ನಡುವಿನ ಹೊತ್ತಿನಲ್ಲಿ ಮೊಬೈಲ್ ಡೇಟಾ ಮತ್ತು ವೈಫೈ ಎರಡನ್ನೂ ಆಫ್ ಮಾಡಿ. ಸಾಮಾನ್ಯ ಕರೆಗಳು ಬರುತ್ತಲೇ ಇರುತ್ತವೆ. ಇಂಟರ್ನೆಟ್ ಮೂಲಕ ಬರುವ ಕರೆಗಳು ಬರುವುದಿಲ್ಲ, ತುರ್ತಿನವರಿಗೆ ಅದನ್ನೂ ತಿಳಿಸಿರಬೇಕು. ಕೆಲಸಕ್ಕೆ ಇಂಟರ್ನೆಟ್ ಬೇಕೇ ಬೇಕು ಎನ್ನುವವರು ಇಮೇಲ್‌ಗಾದರೂ ಇದನ್ನು ಮಾಡಬಹುದು: ಐಫೋನಿನ ಮೇಲ್ ಖಾತೆಗಳಲ್ಲಿ `Fetch New Data` ಒಳಗೆ `Push` ಆಫ್ ಮಾಡಿ `Manually` ಆರಿಸಿ, ಗೊತ್ತಾದ ಹೊತ್ತಿಗಷ್ಟೇ ಮೇಲ್ ತೆರೆಯಿರಿ. ತೆರೆದರೆ ತರಿಸಿಕೊಳ್ಳುವುದರಿಂದ ಇದು ಡೇಟಾ ಆಫ್ ಮಾಡಿದಷ್ಟು ಬಿಗಿಯಲ್ಲ.

ಡೇಟಾ ಆಫ್ ಇದ್ದಾಗ ಕೈ ತಪ್ಪಿ ಆ್ಯಪ್ ತೆರೆದರೂ ಹಳೆಯದೇ ಕಾಣುತ್ತದೆ. ಆ ತಪ್ಪು ನಷ್ಟವಲ್ಲ, ಲಾಭ. ರೂಢಿ ಆರಿಹೋಗಲು ಬೇಕಾದದ್ದು ಇಂಥ ಖಾಲಿ ನೋಟಗಳೇ. ಅಪಾಯವಿರುವುದು ನಲವತ್ತು ನಿಮಿಷ ತಡೆದುಕೊಂಡು, ಆಮೇಲೆ ಸೋತು ಡೇಟಾ ಹಾಕಿ, ಒಳ್ಳೆಯ ಮೆಸೇಜ್ ಕಂಡಾಗ. ಅತ್ತು ಅತ್ತು ಸಾಕಾಗುವವರೆಗೂ ಕೊಡದೆ, ಕೊನೆಗೆ ಅಳು ತಾರಕಕ್ಕೇರಿದಾಗ ಮಗುವಿನ ಕೈಗೆ ಮಿಠಾಯಿ ಇಟ್ಟಂತೆ ಅದು. ಮಗು ಕಲಿಯುವುದು ಜೋರಾಗಿ ಅಳುವುದನ್ನು. ಆದ್ದರಿಂದ ನಿಯಮ ಮುರಿಯಲೇಬೇಕೆನಿಸಿದರೆ ಆಸೆ ಹುಟ್ಟಿದ ಮೊದಲ ನಿಮಿಷದಲ್ಲೇ ಮುರಿಯಿರಿ; ತಡೆದು ತಡೆದು ಮುರಿಯುವುದು ಅದಕ್ಕಿಂತ ಕೆಟ್ಟದ್ದು. ಮುರಿದದ್ದನ್ನು ಚೀಟಿಯಲ್ಲಿ ಹೊತ್ತಿನೊಂದಿಗೆ ಬರೆಯಿರಿ. ದಿನಕ್ಕೆ ಎರಡಕ್ಕಿಂತ ಹೆಚ್ಚಾದರೆ ನೀವು ಇಟ್ಟುಕೊಂಡ ಅಂತರ ಉದ್ದವಾಯಿತು ಎಂದರ್ಥ. ಇನ್ನೊಂದು ನೋಟ ಸೇರಿಸಿಕೊಳ್ಳಿ.

ಮೊದಲ ವಾರಗಳಲ್ಲಿ ಏನಾಗುತ್ತದೆ

ಕೆಲವರಿಗೆ ಮೊದಲ ಒಂದೆರಡು ದಿನ ಕೈ ಮೊದಲಿಗಿಂತ ಹೆಚ್ಚು ಸಲ ಫೋನಿನತ್ತ ಹೋಗುತ್ತದೆ. ಬಹುಮಾನ ನಿಂತೊಡನೆ ವರ್ತನೆ ತಾತ್ಕಾಲಿಕವಾಗಿ ಏರುವುದು ಗೊತ್ತಿರುವ ಸಂಗತಿಯೇ. ಎಲ್ಲರಿಗೂ ಹೀಗಾಗುತ್ತದೆ ಎಂದಿಲ್ಲ. ಆದರೆ ಆದಾಗ ‘ನನಗಿದು ಒಗ್ಗುವುದಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಎಣಿಸುತ್ತಿದ್ದರೆ ಅದು ಏರಿ ಇಳಿಯುವುದು ಚೀಟಿಯಲ್ಲೇ ಕಾಣುತ್ತದೆ.

ಮದ್ದು ಹತ್ತುತ್ತಿದೆಯೇ ಎಂದು ತಿಳಿಯಲು ಒಟ್ಟು ಎಣಿಕೆಗಿಂತ ಒಳ್ಳೆಯ ಗುರುತೊಂದಿದೆ. ನೋಡಬೇಕೆನಿಸಿದ ಹೊತ್ತನ್ನೆಲ್ಲ ಬರೆದಿಟ್ಟು, ವಾರದ ಕೊನೆಗೆ ಅವು ಎಲ್ಲೆಲ್ಲಿ ಬಿದ್ದಿವೆ ನೋಡಿ. 9:00ರಿಂದ 11:40ರ ನಡುವೆ ಉದ್ದಕ್ಕೂ ಸಮನಾಗಿ ಚೆಲ್ಲಿದ್ದರೆ ಮನಸ್ಸು ಇನ್ನೂ ಬದಲಾಗುವ ಅವಧಿಯ ಲೆಕ್ಕದಲ್ಲೇ ಇದೆ. 11:00ರವರೆಗೆ ಖಾಲಿ ಇದ್ದು, 11:20ರಿಂದಾಚೆಗೆ ಒತ್ತೊತ್ತಾಗಿದ್ದರೆ ಅದು ಪಾರಿವಾಳದ ಕಪ್ಪೆಚಿಪ್ಪಿನ ಗೆರೆಯೇ. ಹೊಸ ಲೆಕ್ಕ ಒಳಗಿಳಿದಿದೆ. 11:30ಕ್ಕೆ ತಡೆಯಲಾರದಷ್ಟು ಆಸೆಯಾಗುತ್ತಿದೆ ಎಂಬ ದೂರು ಹಾಗಾಗಿ ಒಳ್ಳೆಯ ಸುದ್ದಿ. ಗಡಿಯಾರ ಕಣ್ಣೆದುರಿಗಿದ್ದರೆ ಮನುಷ್ಯರಲ್ಲಿ ಈ ಬಾಗು ಹಕ್ಕಿಯಷ್ಟು ನಯವಾಗಿ ಕಾಣುವುದಿಲ್ಲ. ಹೊತ್ತು ನೋಡಿಕೊಂಡು ಸುಮ್ಮನಿದ್ದುಬಿಡುತ್ತಾರೆ. ಅದೂ ಸರಿಯೇ.

ಒಂದು ಮಿತಿಯನ್ನು ಮುಚ್ಚಿಡಬಾರದು. ಅನಿಶ್ಚಿತ ಲೆಕ್ಕದಲ್ಲಿ ಕಲಿತ ಪ್ರಾಣಿಗಳಿಗೆ ನಡುವೆ ಕೆಲಕಾಲ ಪ್ರತಿ ಸಲವೂ ಬಹುಮಾನ ಕೊಟ್ಟು, ಆಮೇಲೆ ನಿಲ್ಲಿಸಿ ನೋಡಿದ ಪ್ರಯೋಗಗಳು 1960ರ ದಶಕದ ಆರಂಭದಲ್ಲೇ ಆಗಿವೆ. ಹಳೆಯ ಮೊಂಡುತನ ಆಗಲೂ ಉಳಿದಿತ್ತು. ಅಂದರೆ ಹೊಸ ಲೆಕ್ಕ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೆ ಕೂರುತ್ತದೆ. ಹಾಗಾಗಿಯೇ ನಾಲ್ಕು ದಿನದ ರಜೆ ಮುಗಿಸಿ ಬಂದ ಬೆಳಗ್ಗೆ ಹಳೆಯ ಆಸೆ ಏಕಾಏಕಿ ತಲೆಯೆತ್ತುತ್ತದೆ. ಪಾವ್ಲೋವ್ ತನ್ನ ನಾಯಿಗಳಲ್ಲೇ ಇದನ್ನು ಕಂಡಿದ್ದ. ಖಾಲಿಯಾಗಿ ಬಿಟ್ಟರೆ ಪ್ರತಿ ಸಲವೂ ಅದು ಮೊದಲಿಗಿಂತ ಕುಗ್ಗುತ್ತಾ ಹೋಗುತ್ತದೆ.

ಜಾಗದ ಮಾತೂ ಇದೆ. ಆರಿಹೋದ ರೂಢಿ ಬೇರೆ ಪರಿಸರದಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ಮಾರ್ಕ್ ಬೌಟನ್ ಅವರ ಕೆಲಸ ಸ್ಪಷ್ಟವಾಗಿ ತೋರಿಸಿದೆ. ಮೇಜಿನ ಮುಂದೆ ಗೆದ್ದವರು ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಸಾಲಿನಲ್ಲಿ ನಿಂತಾಗ ಸೋಲುವುದು ಇದಕ್ಕೇ. ಡೇಟಾ ಆಫ್ ಇರುವ ಹೊತ್ತು ಈ ಒಂದೊಂದು ಜಾಗದಲ್ಲೂ ಕಳೆಯುವಂತೆ ನೋಡಿಕೊಳ್ಳಬೇಕು.

ಪೋಸ್ಟ್ ಸರಿಸುವ ಚಟಕ್ಕೆ

ಇಲ್ಲಿ ಹೊತ್ತು ಗೊತ್ತುಮಾಡುವುದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸಂಜೆ ಏಳಕ್ಕೆ ತೆರೆದರೂ ತೆರೆದ ಮೇಲೆ ಲೆಕ್ಕ ಅದೇ: ಇನ್ನೊಂದು ಸರಿಸಿದರೆ ಸಿಕ್ಕೀತು. ಆ್ಯಪ್‌ಗೆ ಅರ್ಧ ಗಂಟೆಯ ಮಿತಿ ಹಾಕಿದರೆ ಓಟದ ನಡುವೆ ಪರದೆ ಬೀಳುತ್ತದೆ. ಐಫೋನಿನಲ್ಲಿ ಅಲ್ಲೇ ಇರುವ `Ignore Limit` ಒತ್ತಿದರೆ ಮತ್ತೆ ತೆರೆದುಕೊಳ್ಳುತ್ತದೆ. ಆ ಗುಂಡಿಗೆ ಪ್ರತಿ ಸಲವೂ ಬಹುಮಾನ. ಹತ್ತೇ ದಿನದಲ್ಲಿ ಬೆರಳು ನೋಡದೆಯೇ ಅದನ್ನು ಒತ್ತಲು ಕಲಿಯುತ್ತದೆ.

ಸ್ಥಿರ ಎಣಿಕೆಯ ವಿರಾಮವನ್ನು ನೆನಪಿಸಿಕೊಳ್ಳಿ. ಮುಂದಿರುವ ಕೆಲಸ ದೊಡ್ಡದಾದಷ್ಟೂ ಶುರುಮಾಡುವ ಮುನ್ನ ತಡವಾಗುತ್ತದೆ. ಇಲ್ಲಿ ಬೇಕಾದದ್ದು ಅದೇ: ಅಡ್ಡಿಯನ್ನು ಓಟದ ನಡುವೆ ಇಡದೆ ಬಾಗಿಲಲ್ಲೇ ಇಡುವುದು. ಆ್ಯಪ್ ತೆಗೆದುಹಾಕಿ, ಬ್ರೌಸರಿನಲ್ಲಿ ಮಾತ್ರ ತೆರೆಯಿರಿ. ಪ್ರತಿ ಸಲ ಲಾಗ್ ಔಟ್ ಮಾಡಿ, ಪಾಸ್‌ವರ್ಡ್ ಉಳಿಸಿಡಬೇಡಿ, ಅದು 20 ಅಕ್ಷರದ್ದಿರಲಿ, ಕಾಗದದಲ್ಲಿ ಬರೆದು ಬೇರೆ ಕೋಣೆಯಲ್ಲಿಡಿ. ಒಳಗೆ ಹೋದ ಮೇಲೆ ಕೊನೆ ಇರುವ ಪಟ್ಟಿಯನ್ನೇ ನೋಡಿ: ನೀವು ಆರಿಸಿಕೊಂಡವರ ಪೋಸ್ಟುಗಳು, ಬಂದ ಕ್ರಮದಲ್ಲಿ, ನಿನ್ನೆ ಬಿಟ್ಟ ಜಾಗದವರೆಗೆ. ಆ ಸೌಲಭ್ಯ ಇಲ್ಲದಿದ್ದರೆ ಐದು ಜನರ ಹೆಸರನ್ನು ಮೊದಲೇ ಬರೆದುಕೊಂಡು, ಅವರ ಪುಟಗಳಿಗೆ ನೇರವಾಗಿ ಹೋಗಿ ಬನ್ನಿ. ಐದಾದ ಮೇಲೆ ಲಾಗ್ ಔಟ್. ಆರನೆಯವರನ್ನು ನೋಡಬೇಕೆನಿಸಿದರೆ ಅವರ ಹೆಸರು ನಾಳೆಯ ಪಟ್ಟಿಗೆ.

ಇದಿಷ್ಟೂ ನೆಲೆಯಾದ ಮೇಲೆ ಚೀಟಿಯನ್ನು ಬಿಟ್ಟುಬಿಡಬಹುದು. ಆದರೆ ತಿಂಗಳಿಗೆ ಒಂದು ದಿನ ಅದೇ ಮೂರು ಗುರುತಿನ ಎಣಿಕೆ ಮಾಡಿ, ಗೊತ್ತಾದ ಹೊತ್ತಿನ ನೋಟಗಳಲ್ಲಿ ಎಷ್ಟು ಸೊನ್ನೆ ಬಿತ್ತು ಎಂದಷ್ಟೇ ನೋಡಿ. ಕೆಲಸ ಬದಲಾಗಿಯೋ, ಗುಂಪೊಂದು ತಣ್ಣಗಾಗಿಯೋ ಬರುವ ಮೆಸೇಜುಗಳು ಕಡಿಮೆಯಾಗಿರಬಹುದು. ಐದಕ್ಕೆ ಒಂದಕ್ಕಿಂತ ಹೆಚ್ಚು ಸೊನ್ನೆ ಇದ್ದರೆ ಎರಡನೇ ಹಂತದ ಲೆಕ್ಕವನ್ನು ಹೊಸ ಸಂಖ್ಯೆಗಳಿಂದ ಮತ್ತೆ ಹಾಕಿ, ಒಂದು ನೋಟ ಕಡಿಮೆ ಮಾಡಿ. ಹೊಸ ಫೋನ್ ಕೊಂಡಾಗಲೂ, ಮೆಸೇಜ್ ಆ್ಯಪ್ ಮತ್ತೆ ಹಾಕಿಕೊಂಡಾಗಲೂ ಮೂರು ಮತ್ತು ಐದನೇ ಹಂತದ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಹೊಸದಾಗಿ ಹಾಕಿದ ಆ್ಯಪ್ ಕೆಂಪು ಚುಕ್ಕೆ, ಸದ್ದು ಎರಡಕ್ಕೂ ಮತ್ತೆ ಅನುಮತಿ ಕೇಳುತ್ತದೆ, ಕೈ ಅಭ್ಯಾಸಬಲದಿಂದ `Allow` ಒತ್ತಿಬಿಡುತ್ತದೆ.